ಗೆದ್ದಲೋ, ರೆಕ್ಕೆಯ ಇರುವೆಯೋ?

2023ನೆಯ ಇಸವಿಯ ಜೂನ್ ತಿಂಗಳಲ್ಲಿ, ರಾಯಚೂರಿನಲ್ಲಿ ಮೊದಲ ದೊಡ್ಡ ಮಳೆಯಾದ ಮರುದಿನ ಬೆಳಿಗ್ಗೆ, ನಮ್ಮ ಶಾಲೆಯ ದಾಖಲೆಗಳ ಕೋಣೆಯ ಕಿಟಕಿಯ ಅಡಿಯಲ್ಲಿ ಹಿಡಿಯಷ್ಟು ರೆಕ್ಕೆಗಳು ಬಿದ್ದಿದ್ದವು. ಹುಳುಗಳು ಮಾತ್ರ ಒಂದೂ ಇರಲಿಲ್ಲ. ಕಸಗುಡಿಸುವ ಅಜ್ಜಿಯು ನಮ್ಮನ್ನು ಕರೆದು, “ಅಕ್ಕೋರ, ಇವು ಒರಲಿ ರೆಕ್ಕಿ ಅದಾವ್ರೀ” ಎಂದಳು. ನಾವು ಬಾಗಿಲಲ್ಲಿಯೇ ನಿಂತು ನೋಡಿ, ದೀಪಕ್ಕೆ ಬಂದ ರೆಕ್ಕೆಯ ಇರುವೆಗಳು ಇರಬೇಕೆಂದು ಹೇಳಿ ಗುಡಿಸಿಹಾಕಿಸಿದೆವು. ಆ ರಾತ್ರಿ ಕೋಣೆಯಲ್ಲಿ ದೀಪವೇ ಉರಿದಿರಲಿಲ್ಲ, ಕಿಟಕಿಯೂ ಮುಚ್ಚಿತ್ತು ಎಂಬುದು ನಮಗೆ ಆಗ ಹೊಳೆಯಲಿಲ್ಲ. 2024ರ ಮಾರ್ಚಿಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರ ಜನ್ಮದಿನಾಂಕದ ದಾಖಲೆಗಾಗಿ ಮರದ ಬೀರುವನ್ನು ತೆರೆದಾಗ, ಕೆಳಗಿನ ಹಲಗೆಯ ಪ್ರವೇಶ ಪುಸ್ತಕಗಳಲ್ಲಿ ಎರಡು, ಹೊರಗಿನ ರಟ್ಟು ಉಳಿದು ಒಳಗೆ ಮಣ್ಣಾಗಿದ್ದವು. ಅಜ್ಜಿಯ ಮಾತು ಸರಿಯಾಗಿತ್ತು.

ಈ ತಪ್ಪು ನಮ್ಮದಾದುದರಿಂದ, ಈ ಎರಡು ಹುಳುಗಳನ್ನು ಹತ್ತಿರದ ಚಿತ್ರದಿಂದ ಗುರುತಿಸುವ ಬಗೆಯನ್ನು ಆಮೇಲೆ ಶ್ರದ್ಧೆಯಿಂದ ಅಭ್ಯಾಸ ಮಾಡಿದೆವು. ಗೆದ್ದಲೂ ಇರುವೆಯೂ ಮೊದಲ ಮಳೆಗಳ ನಂತರವೇ ರೆಕ್ಕೆ ಪಡೆದು ಹೊರಡುವುದರಿಂದ, ಒಂದೇ ಸಂಜೆ ಒಂದೇ ದೀಪದ ಕೆಳಗೆ ಎರಡೂ ಬೀಳುವುದುಂಟು. ಆದರೆ ಇವು ಸೋದರರಲ್ಲ. ಇರುವೆಯು ಜೇನುಹುಳು, ಕಣಜಗಳ ಕುಲದ್ದು. ಗೆದ್ದಲು ಜಿರಲೆಯ ಕುಲದ್ದೆಂದು ಇಂದಿನ ವಿಜ್ಞಾನವು ನಿಶ್ಚಯಿಸಿದೆ. ಈ ಕುಲಭೇದವೇ ಚಿತ್ರದಲ್ಲಿ ಕಾಣುವ ಗುರುತುಗಳಿಗೆ ಕಾರಣ.

ಎಲ್ಲಕ್ಕಿಂತ ಮೊದಲು ನೋಡತಕ್ಕದ್ದು ನಡು. ಕಣಜದಂತೆ ಇರುವೆಗೂ ಎದೆಗೂ ಹೊಟ್ಟೆಗೂ ನಡುವೆ ದಾರ ಕಟ್ಟಿ ಬಿಗಿದಂತೆ ಸಣ್ಣದಾದ ನಡುವಿರುತ್ತದೆ, ಅದರ ಮೇಲೆ ಒಂದೋ ಎರಡೋ ಗಂಟುಗಳೂ ಕಾಣುತ್ತವೆ. ಗೆದ್ದಲಿಗೆ ಹಾಗೆ ನಡುವೆಂಬುದಿಲ್ಲ. ಎದೆಯ ಅಗಲದಲ್ಲಿಯೇ ಹೊಟ್ಟೆಯು ಮುಂದುವರಿಯುತ್ತದೆ. ಎರಡನೆಯದು ಮೀಸೆ. ಗೆದ್ದಲಿನ ಮೀಸೆಯು ಸಣ್ಣ ಮಣಿಗಳನ್ನು ಪೋಣಿಸಿದ ಸರದಂತೆ ನೆಟ್ಟಗಿರುವುದು. ಇರುವೆಯದು ಮೊಣಕೈಯಂತೆ ಬಾಗಿರುವುದು. ಆದರೆ ರೆಕ್ಕೆಯ ಗಂಡು ಇರುವೆಗಳಲ್ಲಿ ಈ ಬಾಗು ಬಹಳ ಸ್ವಲ್ಪವಾಗಿದ್ದು ನೆಟ್ಟಗಿದ್ದಂತೆಯೇ ತೋರುವುದುಂಟು. ಆದುದರಿಂದ ನಡುವೂ ಮೀಸೆಯೂ ಬೇರೆ ಬೇರೆ ಮಾತು ಹೇಳಿದರೆ ನಾವು ನಡುವನ್ನೇ ನಂಬುತ್ತೇವೆ. ಬಣ್ಣವನ್ನು ಎಂದಿಗೂ ನಂಬುವುದಿಲ್ಲ. ಗೆದ್ದಲು ಬಿಳಿಯದೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದರೆ ಬಿಳಿಯದು ಮಣ್ಣಿನೊಳಗಿನ ದುಡಿಯುವ ಗೆದ್ದಲು, ಹಾರುವುದು ಕಂದು ಅಥವಾ ಕಪ್ಪು. ಬಣ್ಣ ನೋಡಿಯೇ ಅನೇಕರು ಅದನ್ನು ಇರುವೆಯೆನ್ನುತ್ತಾರೆ.

ಬರಿಯ ರೆಕ್ಕೆಗಳು ಮಾತ್ರ ಸಿಕ್ಕರೆ? ನಮಗೆ ಒದಗಿದ್ದು ಅದೇ ಸಂದರ್ಭ. ಗೆದ್ದಲಿನ ನಾಲ್ಕು ರೆಕ್ಕೆಗಳೂ ಒಂದೇ ಅಳತೆಯವು, ದೇಹದ ಸುಮಾರು ಎರಡರಷ್ಟು ಉದ್ದ. 1832ರಲ್ಲಿ ಈ ಗುಂಪಿಗೆ ಇಟ್ಟ ಗ್ರೀಕ್ ಹೆಸರಿನ ಅರ್ಥವೂ ‘ಸಮರೆಕ್ಕೆಯವು’ ಎಂದೇ. ಇರುವೆಯಲ್ಲಿ ಮುಂದಿನ ಜೋಡಿ ದೊಡ್ಡದು, ಹಿಂದಿನದು ಸ್ಪಷ್ಟವಾಗಿ ಚಿಕ್ಕದು. ಚಿತ್ರವನ್ನು ಹಿಗ್ಗಿಸಿದರೆ ಇನ್ನೊಂದು ಭೇದವೂ ಕಾಣುವುದು: ಗೆದ್ದಲಿನ ರೆಕ್ಕೆಯಲ್ಲಿ ಮುಂದಂಚಿಗೆ ಮಾತ್ರ ದಪ್ಪ ನರಗಳು, ಉಳಿದುದೆಲ್ಲ ಮಸುಕಾದ ಸಣ್ಣ ಗೆರೆಗಳು; ಇರುವೆಯ ರೆಕ್ಕೆಯಲ್ಲಿ ಕೆಲವೇ ನರಗಳಿದ್ದು ಅವು ಸೇರಿ ಮನೆಗಳನ್ನು ಕಟ್ಟಿದಂತಿರುತ್ತವೆ, ಮುಂದಂಚಿನಲ್ಲಿ ಸಾಮಾನ್ಯವಾಗಿ ಒಂದು ಕಪ್ಪು ಚುಕ್ಕೆಯೂ ಇರುತ್ತದೆ. ಗೆದ್ದಲು ನೆಲಕ್ಕಿಳಿದ ಸ್ವಲ್ಪ ಹೊತ್ತಿನಲ್ಲಿಯೇ ಬುಡದಲ್ಲಿರುವ ಗೆರೆಯಲ್ಲಿ ರೆಕ್ಕೆಯನ್ನು ಮುರಿದು ಬಿಡುತ್ತದೆ. ರಾಣಿ ಇರುವೆಯೂ ರೆಕ್ಕೆ ಕಳಚುವುದು ನಿಜ, ಆದರೆ ಗಂಡಿರುವೆಗಳು ರೆಕ್ಕೆಯೊಡನೆಯೇ ಸಾಯುತ್ತವೆ. ಹಿಡಿಯಷ್ಟು ರೆಕ್ಕೆಯಿದ್ದು ಒಂದೂ ಹೆಣವಿಲ್ಲದಿದ್ದರೆ ಗೆದ್ದಲಿನ ಕಡೆಗೇ ಸಂಶಯ ಹೋಗಬೇಕಾಗಿತ್ತು.

ಈಗ ಚಿತ್ರ ತೆಗೆಯುವ ಮಾತು. ನಮ್ಮ ಫಜೀತಿಯ ಸುದ್ದಿ ಕೇಳಿದ ಮೇಲೆ ಹಳೆಯ ವಿದ್ಯಾರ್ಥಿನಿಯರು ಫೋನಿನಲ್ಲಿ ಹುಳುಗಳ ಚಿತ್ರಗಳನ್ನು ಕಳುಹಿಸತೊಡಗಿದರು. ಮಾನವಿಯಿಂದ ಬಂದ ಒಂದರಲ್ಲಿ, ಗೋಡೆಯ ಮೇಲೆ ಕುಳಿತ ಕರಿಯ ಹುಳುವನ್ನು ಮೇಲಿನಿಂದ ತೆಗೆದಿದ್ದರು. ಮಡಿಸಿದ ರೆಕ್ಕೆಗಳು ಬೆನ್ನನ್ನೆಲ್ಲ ಮುಚ್ಚಿದ್ದುದರಿಂದ ನಡುವು ಕಾಣಲಿಲ್ಲ. ಅಳತೆಗೆ ಏನೂ ಇಲ್ಲದ್ದರಿಂದ ಅದು ಗುಂಡುಸೂಜಿಯ ತಲೆಯಷ್ಟೋ ಹುಣಸೆಬೀಜದಷ್ಟೋ ತಿಳಿಯಲಿಲ್ಲ. ಅಂಥ ಚಿತ್ರ ನೋಡಿ ಉತ್ತರ ಕೊಡುವುದು ಕಣಿ ಹೇಳಿದಂತೆಯೇ ಸರಿ. ಹುಳುವನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಮಂಜಿನ ಖಾನೆಯಲ್ಲಿ ಕೆಲವು ನಿಮಿಷ ಇಟ್ಟರೆ ಅದು ಅಲುಗಾಡದು. ಬಳಿಕ ಬಿಳಿಯ ಕಾಗದದ ಮೇಲೆ, ಮಕ್ಕಳ ಅಳತೆಪಟ್ಟಿಯ ಪಕ್ಕದಲ್ಲಿ, ಕಿಟಕಿಯ ಬೆಳಕು ಒಂದು ಬದಿಯಿಂದ ಬೀಳುವಂತೆ ಮಲಗಿಸಬೇಕು. ಫೋನನ್ನು ತೀರ ಸಮೀಪಕ್ಕೆ ಒಯ್ದರೆ ಚಿತ್ರ ಮಸುಕಾಗುವುದು. ನಾಲ್ಕೈದು ಅಂಗುಲ ದೂರದಿಂದ ತೆಗೆದು ಆಮೇಲೆ ಹಿಗ್ಗಿಸಿ ನೋಡುವುದು ಲೇಸು. ಬೆನ್ನು, ಪಕ್ಕ, ಹೊಟ್ಟೆ ಹೀಗೆ ಮೂರು ಚಿತ್ರಗಳಿದ್ದರೆ ನಡುವು ಯಾವುದಾದರೂ ಒಂದರಲ್ಲಿ ಸಿಕ್ಕೇ ಸಿಗುತ್ತದೆ.

2024ರ ಜೂನಿನಲ್ಲಿ ದೇವದುರ್ಗದಿಂದ ಬಂದ ಪ್ರಶ್ನೆಯು ನಮ್ಮದಕ್ಕೆ ತದ್ವಿರುದ್ಧವಾಗಿತ್ತು. ಹಳೆಯ ವಿದ್ಯಾರ್ಥಿನಿಯೊಬ್ಬಳು ಪಡಸಾಲೆಯ ದೀಪದ ಕೆಳಗೆ ಬಿದ್ದ ಹುಳುವಿನ ಒಳ್ಳೆಯ ಚಿತ್ರ ಕಳುಹಿಸಿದ್ದಳು: ದಪ್ಪ ನಡು, ಸಮರೆಕ್ಕೆ, ನೆಟ್ಟಗಿನ ಮಣಿಮೀಸೆ. ಅದು ಗೆದ್ದಲೇ. ಮನೆಯವರು ಬಾಗಿಲುಗಳನ್ನೆಲ್ಲ ಕಿತ್ತು ಔಷಧಿ ಹೊಡೆಸುವ ಮಾತಾಡುತ್ತಿದ್ದರು. ನಾವು, “ತಂಗೀ, ದೀಪಕ್ಕೆ ಬಂದದ್ದು ಬಿಡು, ಮನೆಯೊಳಗಿನಿಂದ ಹೊರಟದ್ದು ಯಾವುದು?” ಎಂದು ಕೇಳಿದೆವು. ಆಕೆ ಮರುದಿನ ಚೌಕಟ್ಟಿನ ಸಂದಿನಿಂದ ಹೊರಬರುತ್ತಿದ್ದ ಹುಳುವನ್ನೇ ಹಿಡಿದು, ಮೊದಲಿನದರ ಪಕ್ಕದಲ್ಲಿ ಒಂದೇ ತಟ್ಟೆಯಲ್ಲಿಟ್ಟು ಚಿತ್ರ ತೆಗೆದಳು. ಎರಡನೆಯದಕ್ಕೆ ಸಣ್ಣ ನಡು, ಗಿಡ್ಡ ಹಿಂದಿನ ರೆಕ್ಕೆ, ಅದು ಇರುವೆ. ದೀಪಕ್ಕೆ ಬಿದ್ದ ಗೆದ್ದಲು ಹೊಲದ ಹುತ್ತದಿಂದ ಹಾರಿಬಂದಿರಬಹುದು; ಅದರಿಂದ ಮನೆಯ ವಿಷಯ ಏನೂ ತಿಳಿಯದು. ಚೌಕಟ್ಟಿನ ಬುಡದಲ್ಲಿಯೂ ಗೋಡೆಯ ಮೂಲೆಗಳಲ್ಲಿಯೂ ಗೆದ್ದಲಿನ ಮಣ್ಣಿನ ಗೆರೆಗಳನ್ನು ಹುಡುಕಿಸಿದೆವು, ಸಿಗಲಿಲ್ಲ. ಬಾಗಿಲುಗಳು ಉಳಿದುಕೊಂಡವು.

ಅಂಥ ಗೆರೆ ಸಿಕ್ಕವರು ಒಮ್ಮೆಲೇ ಎಲ್ಲವನ್ನೂ ಕೆರೆದುಹಾಕದೆ, ನಡುವೆ ಒಂದು ಬೆರಳಗಲ ಮಾತ್ರ ಮುರಿದು ಎರಡು ಮೂರು ದಿನ ಬಿಟ್ಟು ನೋಡಬೇಕು. ಹಸಿಮಣ್ಣಿನಿಂದ ಮತ್ತೆ ಮುಚ್ಚಿದ್ದರೆ ಒಳಗೆ ಸಂಚಾರವಿದೆ. ಮುಚ್ಚದಿದ್ದರೆ ಗೆದ್ದಲು ಹೋಯಿತೆಂದು ಅರ್ಥವಲ್ಲ; ಬೇರೆ ದಾರಿ ಹಿಡಿದಿರಲೂಬಹುದು. ರೆಕ್ಕೆಯ ಹುಳುವಿನ ಚಿತ್ರದಿಂದ ಗೆದ್ದಲೆಂದು ಹೇಳಬಹುದೇ ಹೊರತು ಯಾವ ಜಾತಿಯ ಗೆದ್ದಲೆಂದು ಹೇಳುವುದು ಕಷ್ಟ. ಅದಕ್ಕೆ ಮುರಿದ ಗೆರೆಯ ಬಾಯಿಗೆ ಕಾವಲು ಬರುವ ದೊಡ್ಡ ತಲೆಯ ಸಿಪಾಯಿ ಗೆದ್ದಲಿನ ದವಡೆಗಳ ಚಿತ್ರ ಬೇಕು, ಅದನ್ನು ನೋಡುವ ಕೀಟಶಾಸ್ತ್ರಜ್ಞರೂ ಬೇಕು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಅಂಥವರು ಇರುವುದು ನಮ್ಮ ಜಿಲ್ಲೆಯವರಿಗೆ ಅನುಕೂಲ.

ನಮ್ಮ ಬೀರುವಿನ ಹಿಂದೆ ಆ ಗೆರೆಯು ನೆಲದ ಸಂದಿನಿಂದ ಕೆಳಹಲಗೆಯವರೆಗೆ ಏರಿತ್ತು. ಬೀರು ಗೋಡೆಗೆ ಒತ್ತಿಕೊಂಡಿದ್ದುದರಿಂದ ಯಾರೂ ನೋಡಿರಲಿಲ್ಲ. ಈಗ ಪುಸ್ತಕಗಳು ಗೋಡೆಯಿಂದ ಒಂದು ಗೇಣು ದೂರದಲ್ಲಿ ಕಬ್ಬಿಣದ ಹಲಗೆಗಳ ಮೇಲಿವೆ. ಮೊದಲ ಮಳೆಯ ಮರುದಿನ ಅಜ್ಜಿಯೂ ನಾವೂ ಕೂಡಿಯೇ ಆ ಕೋಣೆಗೆ ಹೋಗುತ್ತೇವೆ. ನಷ್ಟವಾದವು 1968 ರಿಂದ 1971ರ ವರೆಗೆ ಸೇರಿದ ಹುಡುಗಿಯರ ಪ್ರವೇಶ ಪುಸ್ತಕಗಳು. ಆ ವರ್ಷಗಳಲ್ಲಿ ಸೇರಿದವರ ಬಳಿ ಶಾಲೆ ಬಿಟ್ಟ ಪ್ರಮಾಣಪತ್ರವಿದ್ದರೆ, ಅದರ ಎರಡೂ ಬದಿಯ ಪ್ರತಿಯನ್ನು ದಯವಿಟ್ಟು ಶಾಲೆಯ ಕಚೇರಿಗೆ ಕಳುಹಿಸಿಕೊಡಬೇಕು.