ಶುಕ್ರವಾರ ಸಂಜೆ ಎಂದರೆ ಯಾರ ಸಂಜೆ?

ಕ್ಯಾಲಿಫೋರ್ನಿಯಾದ ಕಚೇರಿಯಿಂದ ಬೆಂಗಳೂರಿಗೆ ಇಮೇಲ್ ಬರುತ್ತದೆ: ‘ಶುಕ್ರವಾರ ಎಂಡ್ ಆಫ್ ಡೇ ಒಳಗೆ ವರದಿ ಕಳಿಸಿ.’ ದಿನ 2026ರ ಮಾರ್ಚ್ 6 ಎಂದಿಟ್ಟುಕೊಳ್ಳಿ. ಇಲ್ಲಿನ ತಂಡ ಮಧ್ಯಾಹ್ನದ ಊಟ ಬಿಟ್ಟು ಕೂತು, ಸಂಜೆ 6ಕ್ಕೆ ಕೆಲಸ ಮುಗಿಸುತ್ತದೆ. ಅಲ್ಲಿ ಆಗ ಶುಕ್ರವಾರ ಬೆಳಗಿನ ಜಾವ 4:30. ಕೇಳಿದವರ ಮನಸ್ಸಿನಲ್ಲಿದ್ದದ್ದು ತಮ್ಮ ಸಂಜೆ 5 ಗಂಟೆ, ಅಂದರೆ ನಮ್ಮ ಶನಿವಾರ ಬೆಳಗ್ಗೆ 6:30. ಹನ್ನೆರಡೂವರೆ ಗಂಟೆಯ ಅವಕಾಶ ಇದ್ದದ್ದು ಯಾರಿಗೂ ಗೊತ್ತಾಗಲಿಲ್ಲ.

ತಿರುಗುಮುರುಗಾದರೆ ಪೆಟ್ಟು ಇನ್ನೂ ಜೋರು. ‘ಸೋಮವಾರ ಬೆಳಗ್ಗೆ ಒಪ್ಪಿಗೆ ಬೇಕು’ ಎಂದು ನಾವು ಬರೆದರೆ, ಅವರು ತಮ್ಮ ಸೋಮವಾರ 9ಕ್ಕೆ ಉತ್ತರಿಸುತ್ತಾರೆ. ಇಲ್ಲಿ ರಾತ್ರಿ ಒಂಬತ್ತು ದಾಟಿರುತ್ತದೆ. ಇಡೀ ದಿನ ಕಾದದ್ದು ವ್ಯರ್ಥ.

ಹಾಗಾದರೆ ಬರೆಯುವುದು ಹೇಗೆ? ‘ಮಾರ್ಚ್ 6, ಶುಕ್ರವಾರ ಸಂಜೆ 5, ಕ್ಯಾಲಿಫೋರ್ನಿಯಾ ಸಮಯ, ಭಾರತದಲ್ಲಿ ಮಾರ್ಚ್ 7, ಶನಿವಾರ ಬೆಳಗ್ಗೆ 6:30.’ ವಾರದ ಹೆಸರನ್ನೂ ಸೇರಿಸುವುದಕ್ಕೆ ಕಾರಣವಿದೆ: ತಾರೀಖು ತಪ್ಪಿ ಬಿದ್ದರೆ ವಾರ ಅದಕ್ಕೆ ಹೊಂದದೆ ತಪ್ಪು ಕಣ್ಣಿಗೆ ಬೀಳುತ್ತದೆ. ತಿಂಗಳನ್ನು ಅಕ್ಷರದಲ್ಲೇ ಬರೆಯಬೇಕು. 6/3 ಎಂದರೆ ನಮಗೆ ಮಾರ್ಚ್ 6, ಅಮೆರಿಕದವರಿಗೆ ಜೂನ್ 3.

ಊರಿನ ಹೆಸರು ಬರೆಯುವುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. IST ಎಂಬ ಮೂರಕ್ಷರವನ್ನು ಭಾರತದಂತೆಯೇ ಇಸ್ರೇಲ್, ಐರ್ಲೆಂಡ್‌ಗಳೂ ಬಳಸುತ್ತವೆ. ಮೇಲಾಗಿ ಅಮೆರಿಕದ ಬಹುಭಾಗದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕಿಟ್ಟು, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ನಮ್ಮ ಗಡಿಯಾರ ಅಲುಗುವುದಿಲ್ಲ. ಹೀಗಾಗಿ ಅವರ ಬೆಳಗಿನ 8ರ ವಾರದ ಸಭೆ ಮಾರ್ಚ್ 6ರಂದು ನಮಗೆ ರಾತ್ರಿ 9:30ಕ್ಕಿದ್ದರೆ, ಮಾರ್ಚ್ 13ರಂದು 8:30ಕ್ಕೇ ಶುರು. ಪ್ರತಿ ವರ್ಷ ಆ ವಾರ ಒಬ್ಬರಾದರೂ ಸಭೆ ಮುಗಿದ ಮೇಲೆ ಸೇರುತ್ತಾರೆ. ಯಾವ ಊರಿನ ಗಡಿಯಾರ ಲೆಕ್ಕ ಎಂದು ಮೊದಲೇ ಬರೆದಿದ್ದರೆ ಕ್ಯಾಲೆಂಡರ್ ಆ್ಯಪ್ ತಾನೇ ಹೊಂದಿಸಿಕೊಳ್ಳುತ್ತದೆ.

ದೇಶ ದಾಟದೆಯೂ ಒಂದು ಗೊಂದಲವಿದೆ. ಪಂಚಾಂಗದ ವಾರ ಸೂರ್ಯೋದಯಕ್ಕೆ ಬದಲಾಗುತ್ತದೆ. ಮನೆಯ ಹಿರಿಯರಿಗೆ ನಡುರಾತ್ರಿ ಒಂದು ಗಂಟೆಯೂ ಶುಕ್ರವಾರವೇ. ರೈಲ್ವೆಗೆ ಅದು ಶನಿವಾರ. 15ನೇ ತಾರೀಖು 00:10ರ ಟಿಕೆಟ್ ಹಿಡಿದು 15ರ ರಾತ್ರಿ ನಿಲ್ದಾಣಕ್ಕೆ ಹೋದವರ ರೈಲು ಹಿಂದಿನ ರಾತ್ರಿಯೇ ಹೋಗಿರುತ್ತದೆ. ಗಡುವು ಕೊಡುವಾಗ ‘ರಾತ್ರಿ 12’ ಬಿಟ್ಟು ‘14ರ ರಾತ್ರಿ 11:59’ ಎಂದರೆ ಆ ಗೊಂದಲಕ್ಕೆ ಎಡೆಯಿರುವುದಿಲ್ಲ.

ನಿಜಕ್ಕೂ ತಾರೀಖು ಗೊತ್ತಿಲ್ಲದಾಗ? ‘ಮುಂದಿನ ವಾರ ಯಾವಾಗಲಾದರೂ’ ಅನ್ನುವ ಬದಲು, ‘ಕೆಲಸ ಮುಗಿಯುವ ದಿನ ಇನ್ನೂ ಖಚಿತವಿಲ್ಲ; ಮಾರ್ಚ್ 10, ಮಂಗಳವಾರ ಮಧ್ಯಾಹ್ನ 3ಕ್ಕೆ, ಬೆಂಗಳೂರು ಸಮಯ, ತಿಳಿಸುತ್ತೇನೆ’ ಎನ್ನಬಹುದು. ಎದುರಿನವರು ಅಲ್ಲಿಯವರೆಗೆ ಬೇರೆ ಕೆಲಸ ನೋಡಿಕೊಳ್ಳುತ್ತಾರೆ.