ಕೊನೆಯ ಪುಟದಲ್ಲೂ ಅವಳೇ ಚಿನ್ನಿ

ಚಿತ್ರಪುಸ್ತಕದ ಓದುಗರಿಗೆ ಇನ್ನೂ ಅಕ್ಷರ ಬಂದಿರುವುದಿಲ್ಲ. ಹಾಗಾಗಿ ಕಣ್ಣೆಲ್ಲ ಚಿತ್ರದ ಮೇಲೆ. ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಓದಿಸಿಕೊಂಡ ಮಗು ಒಂದು ರಾತ್ರಿ ಪುಟದ ಮೇಲೆ ಬೆರಳಿಟ್ಟು, ‘ಅಪ್ಪಾ, ಇಲ್ಲಿ ಇವಳ ಬಳೆ ಎಲ್ಲೋಯ್ತು?’ ಎಂದು ಕೇಳುತ್ತದೆ. ಅಷ್ಟು ದಿನ ಓದಿ ಹೇಳಿದ ಅಪ್ಪನಿಗೆ ಆ ಬಳೆ ಇದ್ದದ್ದೂ ಗೊತ್ತಿರುವುದಿಲ್ಲ, ಹೋದದ್ದೂ ಗೊತ್ತಿರುವುದಿಲ್ಲ.

ಬಳೆ ಕಳೆದದ್ದು ಕಥೆಯಲ್ಲಲ್ಲ, ಚಿತ್ರ ಬರೆದವರ ಮೇಜಿನ ಮೇಲೆ. ಸಾಮಾನ್ಯವಾಗಿ ಚಿತ್ರಪುಸ್ತಕಕ್ಕೆ 32 ಪುಟ. ಶೀರ್ಷಿಕೆ, ಪ್ರಕಾಶಕರ ವಿವರ ಕಳೆದರೆ ಕಥೆಗೆ ಉಳಿಯುವುದು ಹದಿಮೂರೋ ಹದಿನಾಲ್ಕೋ ಜೋಡಿಪುಟ. ಅಷ್ಟರಲ್ಲೇ ಮುಖ್ಯ ಪಾತ್ರ ಇಪ್ಪತ್ತು ಮೂವತ್ತು ಸಲ ಬಂದುಹೋಗುತ್ತದೆ. ಓಡುತ್ತದೆ, ಬೀಳುತ್ತದೆ, ಬೆನ್ನು ತಿರುಗಿಸುತ್ತದೆ, ದೂರದ ಗುಡ್ಡದ ಮೇಲೆ ಚುಕ್ಕೆಯಾಗಿ ನಿಲ್ಲುತ್ತದೆ. ಇದೆಲ್ಲ ತಿಂಗಳುಗಟ್ಟಲೆ ನಡೆಯುವ ಕೆಲಸ. ಮೊದಲ ಪುಟ ಬರೆದ ಕೈ ಕೊನೆಯ ಪುಟಕ್ಕೆ ಬರುವ ಹೊತ್ತಿಗೆ ಮೊದಲಿನ ಮುಖವನ್ನು ಅರ್ಧ ಮರೆತಿರುತ್ತದೆ. ಅದಕ್ಕೇ ಕಲಾವಿದರು ಪುಸ್ತಕ ಆರಂಭಿಸುವ ಮೊದಲು ಒಂದು ಹಾಳೆ ಬರೆದು ಮೇಜಿನ ಎದುರಿಗೆ ಅಂಟಿಸಿಕೊಳ್ಳುತ್ತಾರೆ. ಕ್ಯಾರೆಕ್ಟರ್ ಶೀಟ್ ಎನ್ನುವವರುಂಟು, ರೆಫರೆನ್ಸ್ ಶೀಟ್ ಎನ್ನುವವರೂ ಉಂಟು.

ಈ ಪದ್ಧತಿ ಬಲವಾಗಿ ಬೇರೂರಿದ್ದು ಅನಿಮೇಶನ್ ಸ್ಟುಡಿಯೋಗಳಲ್ಲಿ. ಒಂದೇ ಇಲಿಯನ್ನು ಹತ್ತಾರು ಜನ ಬರೆಯಬೇಕಿದ್ದಾಗ ಎಲ್ಲರ ಇಲಿಯೂ ಒಂದೇ ಇಲಿಯಂತೆ ಕಾಣಲು ‘ಮಾಡೆಲ್ ಶೀಟ್’ ಬೇಕಾಯಿತು. 1930ರ ದಶಕದ ಕೊನೆಗೆ ಡಿಸ್ನಿ ಸ್ಟುಡಿಯೋದಲ್ಲಿ ಜೋ ಗ್ರಾಂಟ್ ಅವರ ನೇತೃತ್ವದ ಒಂದು ವಿಭಾಗವೇ ಈ ಕೆಲಸಕ್ಕಿತ್ತು. ‘ಪಿನೋಕಿಯೊ’ದಂಥ ಚಿತ್ರಕ್ಕೆ ಪಾತ್ರಗಳ ಪುಟ್ಟ ಮೂರ್ತಿಗಳನ್ನೂ ಅಲ್ಲಿ ಮಾಡಿದರು; ಯಾವ ಕೋನ ಬೇಕೋ ಹಾಗೆ ತಿರುಗಿಸಿ ನೋಡಿಕೊಳ್ಳಬಹುದಿತ್ತು. ಚಿತ್ರಪುಸ್ತಕದಲ್ಲಿ ಬರೆಯುವುದು ಒಬ್ಬರೇ, ನಿಜ. ಆದರೆ ಜನವರಿಯ ಕೈ ಬೇರೆ, ಜುಲೈಯ ಕೈ ಬೇರೆ.

ಈ ಹಾಳೆಯ ಬಗ್ಗೆ ಹೊಸಬರಿಗೆ ಒಂದು ತಪ್ಪು ಕಲ್ಪನೆಯಿದೆ. ಪಾತ್ರದ ಹತ್ತು ಚೆಂದದ ಭಂಗಿಗಳನ್ನು ಬರೆದರೆ ಹಾಳೆ ಮುಗಿಯಿತು ಎಂದುಕೊಳ್ಳುತ್ತಾರೆ. ಚೆಂದದ ಭಂಗಿ ಪ್ರಕಾಶಕರಿಗೆ ತೋರಿಸಲು ಸರಿ. ಕೆಲಸಕ್ಕೆ ಬರುವ ಹಾಳೆಯಲ್ಲಿ ಇರಬೇಕಾದದ್ದು ಅಳತೆ, ಮತ್ತು ಯಾವುದು ಬದಲಾಗಬಹುದು, ಯಾವುದು ಕೂಡದು ಎಂಬ ತೀರ್ಮಾನ.

ಒಂದು ಕಲ್ಪಿತ ಪುಸ್ತಕವನ್ನೇ ತೆಗೆದುಕೊಳ್ಳೋಣ. ಆರು ವರ್ಷದ ಚಿನ್ನಿ ಅಜ್ಜಿಯ ಜೊತೆ ಸಂತೆಗೆ ಹೋಗುತ್ತಾಳೆ, ಜೊತೆಗೊಂದು ಮೇಕೆಮರಿ. ಮರಿ ತಪ್ಪಿಸಿಕೊಳ್ಳುತ್ತದೆ, ಹುಡುಕುತ್ತ ಕತ್ತಲಾಗುತ್ತದೆ, ಕೊನೆಗೆ ಸಿಗುತ್ತದೆ. ಕಥೆ ಇಷ್ಟೇ.

ಮೊದಲ ಅಳತೆ ತಲೆಯದು. ಪಾತ್ರದ ಎತ್ತರವನ್ನು ಅದರದೇ ತಲೆಯಿಂದ ಅಳೆಯುತ್ತಾರೆ. ಚಿನ್ನಿ ಮೂರೂವರೆ ತಲೆ ಎತ್ತರ ಎಂದು ಕಲಾವಿದೆ ನಿರ್ಧರಿಸಿದಳು ಅನ್ನಿ. ನಿಜವಾದ ಆರು ವರ್ಷದ ಮಗು ಇದಕ್ಕಿಂತ ಉದ್ದವಿರುತ್ತದೆ, ಆದರೆ ಚಿತ್ರಪುಸ್ತಕದಲ್ಲಿ ದೊಡ್ಡ ತಲೆ ಒಪ್ಪುತ್ತದೆ. ನೆಟ್ಟಗೆ ನಿಂತ ಚಿನ್ನಿಯ ಪಕ್ಕ ಅಡ್ಡಗೆರೆಗಳನ್ನು ಎಳೆದು, ಎರಡನೇ ಗೆರೆ ಹೊಟ್ಟೆಗೆ ಬಂತು, ಲಂಗದ ಅಂಚು ಮೂರನೆಯದಕ್ಕೆ ಬಂತು ಎಂದು ಗುರುತು ಹಾಕುತ್ತಾಳೆ. ಅದೇ ಚಿನ್ನಿಯನ್ನು ಎದುರಿನಿಂದ, ಮುಕ್ಕಾಲು ಪಾಲು ತಿರುಗಿದಂತೆ, ಪಕ್ಕದಿಂದ, ಹಿಂದಿನಿಂದ ಬರೆಯುತ್ತಾಳೆ. ಹಿಂದಿನ ನೋಟವನ್ನು ಸೋಮಾರಿತನದಿಂದ ಬಿಟ್ಟವರು ಆಮೇಲೆ ಪರದಾಡುತ್ತಾರೆ. ಎರಡು ಜಡೆ ನೆತ್ತಿಯ ಎಲ್ಲಿಂದ ಶುರುವಾಗುತ್ತದೆ, ಬೈತಲೆ ಎಲ್ಲಿಯವರೆಗೆ ಹೋಗುತ್ತದೆ ಎಂಬುದು ಬೆನ್ನು ತಿರುಗಿಸಿದಾಗಲೇ ಗೊತ್ತಾಗುವ ಸಂಗತಿ.

ಇನ್ನು ಮುಖ. ಮಕ್ಕಳ ಮುಖದಲ್ಲಿ ಹಣೆ ದೊಡ್ಡದು, ಹಾಗಾಗಿ ಕಣ್ಣುಗಳು ತಲೆಯ ನಡುಗೆರೆಗಿಂತ ಕೆಳಗೆ ಕೂರುತ್ತವೆ. ದೊಡ್ಡವರಲ್ಲಿ ನಡುಗೆರೆಯ ಮೇಲೇ ಇರುತ್ತವೆ. ದೊಡ್ಡವರ ಮುಖ ಬರೆದು ಪಳಗಿದ ಕೈ ಅವಸರದಲ್ಲಿ ಕಣ್ಣನ್ನು ಮೇಲಕ್ಕೆ ಒಯ್ಯುತ್ತದೆ. ಕೂದಲೆಳೆಯಷ್ಟೇ ಮೇಲೆ ಹೋದರೂ ಚಿನ್ನಿಗೆ ಎರಡು ವರ್ಷ ಕೂಡಿಬಿಡುತ್ತದೆ. ಪುಟ ತಿರುಗಿಸಿದವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ. ‘ಇವಳು ಅವಳಲ್ಲ’ ಅನ್ನಿಸುವ ಚಿತ್ರಗಳಲ್ಲಿ ಮೂಗು, ಬಾಯಿಗಿಂತ ಮೊದಲು ಕಣ್ಣಿನ ಎತ್ತರವನ್ನು, ಎರಡು ಕಣ್ಣಿನ ನಡುವಿನ ಅಂತರವನ್ನು ಅಳೆದು ನೋಡುವುದು ಒಳ್ಳೆಯದು. ಹಾಳೆಯಲ್ಲಿ ಅವನ್ನು ಗೆರೆ ಹಾಕಿಯೇ ತೋರಿಸಿರಬೇಕು. ನಗು, ಅಳು, ಹೆದರಿಕೆ, ಸಿಟ್ಟು ಇವಕ್ಕೆ ನಾಲ್ಕೈದು ಮುಖ ಸಾಕು. ಅವುಗಳಲ್ಲಿ ಹುಬ್ಬು, ರೆಪ್ಪೆ, ಬಾಯಿ ಕದಲುತ್ತವೆ. ಕಣ್ಣಿನ ಜಾಗ ಕದಲುವುದಿಲ್ಲ.

ಎಡ ಬಲದ ಗೋಜಲು ಬೇರೆಯೇ. ಕಂಪ್ಯೂಟರಿನಲ್ಲಿ ಬರೆಯುವವರಿಗೆ ಒಂದು ಗುಂಡಿ ಒತ್ತಿದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ಎಡಕ್ಕೆ ಓಡುವ ಚಿನ್ನಿ ಕ್ಷಣದಲ್ಲಿ ಬಲಕ್ಕೆ ಓಡುತ್ತಾಳೆ. ಜೊತೆಗೆ ಅವಳ ಎಡಗೈಯ ಕೆಂಪು ಬಳೆ ಬಲಗೈಗೆ ಜಿಗಿಯುತ್ತದೆ. ಅಜ್ಜಿಯ ಪಾಡು ಇನ್ನೂ ಕಷ್ಟ. ಎಡ ಹೆಗಲ ಮೇಲಿದ್ದ ಸೆರಗು ಬಲ ಹೆಗಲಿಗೆ ಬರುತ್ತದೆ. ಕೊಡವ ಶೈಲಿಯಲ್ಲಿ ಸೀರೆ ಉಟ್ಟ ಅಜ್ಜಿಯಾದರೆ ಬಲ ಹೆಗಲೇ ಸರಿ, ಆಗ ನೆರಿಗೆಯೂ ಹಿಂದೆ ಇರಬೇಕು. ಇಂಥ ತಪ್ಪನ್ನು ಸಂಪಾದಕರು ನೋಡದೆ ಬಿಡಬಹುದು. ಸೀರೆ ಉಡುವ ಯಾವ ತಾಯಿಯೂ ಬಿಡಲಾರಳು. ಆದ್ದರಿಂದ ಒಂದೇ ಬದಿಗಿರುವ ಸಂಗತಿಗಳನ್ನೆಲ್ಲ ಹಾಳೆಯಲ್ಲಿ ಬಾಣ ಹಾಕಿ ‘ಅವಳ ಎಡಗೈ’ ಎಂದು ಬರೆಯುತ್ತಾರೆ. ‘ಎಡ’ ಎಂದಷ್ಟೇ ಬರೆದರೆ ಅದು ನೋಡುವವರ ಎಡವೋ ಚಿನ್ನಿಯ ಎಡವೋ ಎಂಬ ಗೊಂದಲ ಉಳಿಯುತ್ತದೆ.

ಮೂವರನ್ನೂ ಒಂದೇ ನೆಲಗೆರೆಯ ಮೇಲೆ ನಿಲ್ಲಿಸಿದ ಚಿತ್ರವೂ ಬೇಕು. ಚಿನ್ನಿಯ ನೆತ್ತಿ ಅಜ್ಜಿಯ ಸೊಂಟಕ್ಕಿಂತ ತುಸು ಮೇಲೆ, ಮರಿಯ ಬೆನ್ನು ಚಿನ್ನಿಯ ಮಂಡಿಗೆ. ಇದಿಲ್ಲದಿದ್ದರೆ ಸಂತೆಗೆ ಹೋಗುವಾಗ ಬೆಕ್ಕಿನಷ್ಟಿದ್ದ ಮರಿ ವಾಪಸು ಬರುವಾಗ ಕರುವಿನಷ್ಟಾಗಿರುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ, ಜಲವರ್ಣದಲ್ಲಿ ಕೆಲಸ ಮಾಡುವವರು ಪುಸ್ತಕಕ್ಕೆ ಬಳಸುವ ಕಾಗದದ ತುಂಡಿನ ಮೇಲೇ ಮಾದರಿ ಹಚ್ಚಿ, ಯಾವ ಬಣ್ಣಕ್ಕೆ ಯಾವುದು ಬೆರೆಸಿದ್ದು ಎಂದು ಪಕ್ಕದಲ್ಲಿ ಬರೆದಿಡುತ್ತಾರೆ. ಕಂಪ್ಯೂಟರಿನವರು ಮುದ್ರಣದ ನಾಲ್ಕು ಶಾಯಿಗಳ ಪ್ರಮಾಣವನ್ನು ಅಂಕಿಯಲ್ಲೇ ನಮೂದಿಸುತ್ತಾರೆ, ಯಾಕೆಂದರೆ ಪರದೆಯ ಮೇಲೆ ಮಿಂಚುವ ಗಿಳಿಹಸಿರು ಅಚ್ಚಿನಲ್ಲಿ ಮಂಕಾಗುತ್ತದೆ. ಇಷ್ಟು ಮಾಡಿಯೂ ಎಡವುವ ಜಾಗ ಒಂದಿದೆ: ರಾತ್ರಿ. ಹಗಲಿನ ಹಳದಿ ಲಂಗವನ್ನು ಅದೇ ಅಂಕಿಯಲ್ಲಿ ಕತ್ತಲ ಪುಟಕ್ಕೆ ತಂದರೆ ಚಿನ್ನಿ ಕತ್ತರಿಸಿ ಅಂಟಿಸಿದಂತೆ ಕಾಣುತ್ತಾಳೆ. ಅದಕ್ಕಾಗಿ ಹಾಳೆಯಲ್ಲಿ ಎರಡು ಬಣ್ಣದ ಪಟ್ಟಿ ಇರುತ್ತದೆ, ಹಗಲಿಗೊಂದು, ಲಾಟೀನಿನ ಬೆಳಕಿಗೊಂದು. ಕತ್ತಲಲ್ಲಿ ಹಳದಿಯು ಕಂದು ಬಣ್ಣಕ್ಕೆ ಇಳಿದರೂ ಆ ಪುಟದಲ್ಲಿ ಅದಕ್ಕಿಂತ ಹಳದಿಯಾದದ್ದು ಇನ್ನೊಂದಿರಬಾರದು, ಲಾಟೀನೊಂದನ್ನು ಬಿಟ್ಟು. ಕಣ್ಣು ಗುರುತು ಹಿಡಿಯುವುದು ಬಣ್ಣದ ಅಂಕಿಯನ್ನಲ್ಲ, ಸುತ್ತಲಿನ ಬಣ್ಣಗಳ ಜೊತೆ ಅದಕ್ಕಿರುವ ಸಂಬಂಧವನ್ನು.

ಎಲ್ಲವೂ ಸದಾ ಒಂದೇ ಥರ ಇರಬೇಕೆಂದೇನಿಲ್ಲ. ಬಿಯಾಟ್ರಿಕ್ಸ್ ಪಾಟರ್ ಅವರ ಪೀಟರ್ ರ‍್ಯಾಬಿಟ್‌ನನ್ನು ನೋಡಿ. 1893ರಲ್ಲಿ ಕಾಯಿಲೆ ಬಿದ್ದ ಹುಡುಗನೊಬ್ಬನಿಗೆ ಬರೆದ ಪತ್ರದಲ್ಲಿ ಹುಟ್ಟಿದ ಮೊಲ, 1902ರಲ್ಲಿ ಬಣ್ಣದ ಪುಸ್ತಕವಾಗಿ ಬಂತು. ಹಿತ್ತಾಳೆ ಗುಂಡಿಯ ನೀಲಿ ಕೋಟಿನಿಂದಲೇ ಪೀಟರ್ ಗುರುತು. ಆದರೆ ಕಥೆ ನಡೆಯುವುದೇ ಅವನು ಒಂದೊಂದನ್ನೇ ಕಳೆದುಕೊಳ್ಳುವುದರಿಂದ. ಒಂದು ಶೂ ಎಲೆಕೋಸಿನ ಸಾಲಿನಲ್ಲಿ, ಇನ್ನೊಂದು ಆಲೂಗಡ್ಡೆಯ ನಡುವೆ, ಕೋಟು ಬಲೆಯಲ್ಲಿ. ಕೊನೆಗೆ ಅವು ತೋಟದ ಬೆರ್ಚಪ್ಪನ ಮೈಮೇಲೆ ಸಿಗುತ್ತವೆ. ಕೋಟು ಹೋದ ಮೇಲೂ ಅದು ಪೀಟರನೇ, ಏಕೆಂದರೆ ಕೋಟಿನೊಳಗಿನ ಮೊಲದ ಮೈಕಟ್ಟು ಪಾಟರ್ ಅವರಿಗೆ ಕರತಲಾಮಲಕ; ಅದೇ ಹೆಸರಿನ ಮೊಲವನ್ನು ಅವರು ಮನೆಯಲ್ಲೇ ಸಾಕಿ ದಿನವೂ ನೋಡಿ ಬರೆಯುತ್ತಿದ್ದರು.

ಇಂಥ ಬದಲಾವಣೆಗಳಿಗೆ ಹಾಳೆಯ ಹಿಂಬದಿಯಲ್ಲಿ ಒಂದು ಪುಟಪಟ್ಟಿ ಬೇಕಾಗುತ್ತದೆ. ಚಿನ್ನಿಯ ಪಟ್ಟಿ ಹೀಗಿರಬಹುದು: ಹತ್ತನೇ ಪುಟದಲ್ಲಿ ಎಡಜಡೆಯ ರಿಬ್ಬನ್ ಮುಳ್ಳಿಗೆ ಸಿಕ್ಕಿ ಹೋಯಿತು, ಅಲ್ಲಿಂದ ಆ ಜಡೆ ಬಿಚ್ಚಿದೆ, ಹದಿನಾಲ್ಕರಲ್ಲಿ ಮಂಡಿಗೆ ಕೆಸರು, ಕೊನೆಯ ಜೋಡಿಪುಟದಲ್ಲಿ ಆ ರಿಬ್ಬನ್ ಮರಿಯ ಕೊರಳಲ್ಲಿ. ಕಲಾವಿದರು ಪುಟಗಳನ್ನು ಕ್ರಮವಾಗಿ ಬರೆಯುವುದಿಲ್ಲವಾದ್ದರಿಂದ ಪಟ್ಟಿ ಇಲ್ಲದಿದ್ದರೆ ಕಳೆದ ರಿಬ್ಬನ್ ಹದಿನಾರನೇ ಪುಟದಲ್ಲಿ ಮತ್ತೆ ಪ್ರತ್ಯಕ್ಷ.

ಕ್ರಮವಾಗಿ ಬರೆಯದಿರುವುದಕ್ಕೆ ಕಾರಣವಿದೆ. ಮೊದಮೊದಲು ಬರೆದ ಪುಟಗಳಲ್ಲಿ ಕೈ ಬಿಗಿಯಾಗಿರುತ್ತದೆ, ಪಳಗಿದಂತೆ ಸಡಿಲವಾಗುತ್ತದೆ. ಒಂದನೇ ಪುಟದಿಂದ ಹಿಡಿದರೆ ಪುಸ್ತಕದ ಆರಂಭ ಒಂದು ಥರ, ಕೊನೆ ಇನ್ನೊಂದು ಥರ. ನಡುವಿನ ಪುಟದಿಂದ ಶುರು ಮಾಡಿದರೆ ಆ ಬಿಗಿ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಅಡಗುತ್ತದೆ. ಎಲ್ಲ ಮುಗಿದ ಮೇಲೆ ಪ್ರತಿ ಪುಟದಿಂದ ಚಿನ್ನಿಯ ಮುಖವನ್ನಷ್ಟೇ ಕತ್ತರಿಸಿ, ಒಂದೇ ಅಳತೆಗೆ ತಂದು, ಸಾಲಾಗಿ ಜೋಡಿಸಿ ನೋಡುತ್ತಾರೆ. ಪುಟದಲ್ಲಿದ್ದಾಗ ಮರಗಿಡ, ಜನಜಂಗುಳಿಯ ನಡುವೆ ತಪ್ಪಿಸಿಕೊಂಡಿದ್ದ ದೋಷ ಸಾಲಿನಲ್ಲಿ ನಿಂತ ಕೂಡಲೇ ಕಾಣುತ್ತದೆ. ಇದಕ್ಕಿಂತ ಸುಲಭದ, ಖರ್ಚಿಲ್ಲದ ಪರೀಕ್ಷೆ ಇನ್ನೊಂದಿಲ್ಲ. ಎರಡನೆಯದು, ಪಾತ್ರವನ್ನು ಪೂರ್ತಿ ಕಪ್ಪು ತುಂಬಿ ಬರೀ ನೆರಳಾಗಿ ನೋಡುವುದು. ನೆರಳಿನಲ್ಲೂ ಎರಡು ಜಡೆಯ ಚಿನ್ನಿ ಸಂತೆಯ ಇತರ ಮಕ್ಕಳಿಂದ ಬೇರೆಯಾಗಿ ಕಂಡರೆ, ದೂರದ ಚಿತ್ರದಲ್ಲಿ ಕಣ್ಣು ಮೂಗು ಇಲ್ಲದಿದ್ದರೂ ಗುರುತು ಸಿಗುತ್ತದೆ.

ಹಾಳೆಯನ್ನು ಅತಿಯಾಗಿ ನಂಬುವವರೂ ಇದ್ದಾರೆ. ಅದರ ಮೇಲೆ ತೆಳುಕಾಗದವಿಟ್ಟು ತಿದ್ದಿದ ಚಿತ್ರಗಳಲ್ಲಿ ತಪ್ಪು ಸಿಗುವುದಿಲ್ಲ, ಜೀವವೂ ಸಿಗುವುದಿಲ್ಲ. ಜೋರಾಗಿ ಓಡುವಾಗ ಮೈ ಉದ್ದವಾಗಲಿ, ಹೆದರಿ ಮುದುಡಿದಾಗ ಮೂರು ತಲೆಗೆ ಇಳಿಯಲಿ, ತೊಂದರೆಯಿಲ್ಲ. ನೆಟ್ಟಗೆ ನಿಂತಾಗ ಮೂರೂವರೆಗೆ ಮರಳಿದರೆ ಸಾಕು. ಹಾಗೆಯೇ ಹಾಳೆಯಲ್ಲಿ ವಿವರ ಹೆಚ್ಚಾದಷ್ಟೂ ಮರೆಯಲು ಅವಕಾಶ ಹೆಚ್ಚು. ಲಂಗದ ಮೇಲೆ ಹದಿನೆಂಟು ಹೂವು ಎಂದು ತೀರ್ಮಾನಿಸಿದವರು ಪುಸ್ತಕ ಮುಗಿಯುವವರೆಗೂ ಹೂವು ಎಣಿಸುತ್ತಿರಬೇಕಾಗುತ್ತದೆ. ಅಂಚಿಗೊಂದು ಅಗಲ ಪಟ್ಟಿ ಎಳೆದರೆ ಆ ರಗಳೆಯೇ ಇಲ್ಲ.

ಪಾತ್ರವನ್ನೇ ಬದಲಾಯಿಸಬೇಕು ಅನ್ನಿಸಿದರೆ ಅದನ್ನು ಪುಸ್ತಕದ ನಡುವೆ ಮಾಡದೆ ಮುಂದಿನ ಪುಸ್ತಕಕ್ಕೆ ಹೊಸ ಹಾಳೆ ಬರೆದು, ಮೂಲೆಯಲ್ಲಿ ತಾರೀಕು ಹಾಕಿ ಶುರು ಮಾಡುವುದು ಸರಿ. ನೆದರ್ಲೆಂಡ್ಸ್‌ನ ಡಿಕ್ ಬ್ರೂನಾ 1955ರಲ್ಲಿ ಬರೆದ ಮಿಫಿ ಎಂಬ ಮೊಲಕ್ಕೆ ಬೊಂಬೆಯಂಥ ಜೋಲುಕಿವಿ ಇತ್ತು. 1963ರಲ್ಲಿ ಅವರು ಅದನ್ನು ಹೊಸದಾಗಿ, ನೆಟ್ಟಗಿನ ಚೂಪು ಕಿವಿಗಳೊಂದಿಗೆ ಬರೆದರು. ಇವತ್ತು ಅಂಗಡಿಯಲ್ಲಿ ಸಿಗುವುದು ಆ ಎರಡನೆಯ ಮಿಫಿ.