ಸ್ಕ್ರೀನಿನಲ್ಲಿ 40, ರ್ಯಾಕಿನಲ್ಲಿ ಸೊನ್ನೆ

ನೆಲಮಂಗಲದ ಸುತ್ತಮುತ್ತ ಈಗ ಹೊಲಗಳಿಗೆ ಪೈಪೋಟಿ ಕೊಡುವಂತೆ ಗೋಡೌನ್‌ಗಳು ಎದ್ದಿವೆ. ಅಂಥದೊಂದರಲ್ಲಿ ಇನ್‌ವರ್ಡ್ ನೋಡಿಕೊಳ್ಳುವುದು ಬಹುಕಾಲ ನನ್ನ ಕೆಲಸವಾಗಿತ್ತು. ಲಾರಿಯಿಂದ ಇಳಿದ ಸರಕನ್ನು ಎಣಿಸಿ, ಸ್ಕ್ಯಾನ್ ಮಾಡಿಸಿ, ರ್ಯಾಕಿಗೆ ಸೇರಿಸುವವರೆಗಿನ ಹೊಣೆ ಅದು. ಹೊಸದಾಗಿ ಸೇರಿದ ಹುಡುಗರು ಮೊದಲ ವಾರ ಕೇಳುತ್ತಿದ್ದ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಇರುತ್ತಿದ್ದವು. ಆ ಪ್ರಶ್ನೆಗಳನ್ನೇ ಇಲ್ಲಿ ಇಟ್ಟುಕೊಂಡಿದ್ದೇನೆ. ಉದಾಹರಣೆಗೂ ಒಂದೇ ಸರಕು ಸಾಕು: ಹಾಸನದಲ್ಲಿ ಹುರಿದು, ಪುಡಿಯಾಗಿ, ಪ್ಯಾಕಾಗಿ ಬರುವ ಫಿಲ್ಟರ್ ಕಾಫಿ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ಬದಲಿಸಿದ್ದೇನೆ. ಎಡವಟ್ಟು ಮಾತ್ರ ನಡೆದದ್ದೇ.

ಎಸ್‌ಕೆಯು ಅಂದರೆ ಐಟಂ ಹೆಸರು ತಾನೇ ಸಾರ್?

ಅಲ್ಲ. ‘ಕಾಫಿ ಪುಡಿ’ ಎನ್ನುವುದು ಹೆಸರು. ಅಂಗಡಿಯವನು ‘ಕಾಫಿ ಪುಡಿ ಕಳಿಸಿ’ ಎಂದರೆ ನಾವು ಏನನ್ನೂ ಕಳಿಸಲಾರೆವು. ಯಾವುದು? ನೂರರಲ್ಲಿ 80 ಪಾಲು ಕಾಫಿ, 20 ಪಾಲು ಚಿಕೋರಿ ಇರುವುದೋ, 70–30 ಇರುವುದೋ? 200 ಗ್ರಾಮಿನದೋ, ಅರ್ಧ ಕೆಜಿಯದೋ? ಹೀಗೆ ಕೇಳುತ್ತಾ ಹೋಗಿ, ಇನ್ನು ಕೇಳಲು ಏನೂ ಉಳಿಯದ ಜಾಗಕ್ಕೆ ಬಂದಾಗ ಸಿಗುವುದೇ ಎಸ್‌ಕೆಯು. ಪೂರ್ತಿ ಹೆಸರು ಸ್ಟಾಕ್ ಕೀಪಿಂಗ್ ಯುನಿಟ್. ಬೇರೆಯಾಗಿ ಎಣಿಸಬೇಕಾದ, ಬೇರೆಯಾಗಿ ಇಡಬೇಕಾದ ಪ್ರತಿಯೊಂದು ಬಗೆಗೂ ಒಂದೊಂದು ಕೋಡ್. ನಮ್ಮಲ್ಲಿ 80–20ರ ಅರ್ಧ ಕೆಜಿ ಪೊಟ್ಟಣ `CF-80-500`, 70–30ರದ್ದು `CF-70-500`. ಹಬ್ಬಕ್ಕೆಂದು ಅದೇ ಪೊಟ್ಟಣದ ಜೊತೆ ಒಂದು ಸ್ಟೀಲ್ ಚಮಚ ಕಟ್ಟಿ ಕಳಿಸಿದರೆ ಅದಕ್ಕೆ ಇನ್ನೊಂದು ಕೋಡ್ ಬರುತ್ತದೆ, ಒಳಗಿನ ಪುಡಿ ಒಂದೇ ಆದರೂ.

ಪೊಟ್ಟಣದ ಮೇಲಿನ ಬಾರ್‌ಕೋಡ್ ಬೇರೆ, ಎಸ್‌ಕೆಯು ಬೇರೆ. 890ರಿಂದ ಶುರುವಾಗುವ 13 ಅಂಕಿಯ ಆ ಬಾರ್‌ಕೋಡ್ ತಯಾರಿಸಿದವರದು, ಯಾವ ಅಂಗಡಿಗೆ ಹೋದರೂ ಅದೇ. ಎಸ್‌ಕೆಯು ಕೋಡ್ ನಮ್ಮ ಗೋಡೌನಿನವರು ಇಟ್ಟುಕೊಂಡದ್ದು. ಸ್ಕ್ಯಾನರ್ ಅದನ್ನು ಓದಿ ಇದನ್ನು ಹುಡುಕಿ ತೋರಿಸುತ್ತದೆ. ಸ್ಕ್ಯಾನ್ ಮಾಡಿದ ಮೇಲೆ ಸ್ಕ್ರೀನ್ ನೋಡಿ ಎಂದು ನಾನು ಬೈಯುತ್ತಿದ್ದುದು ಅದಕ್ಕೇ.

ಎಸ್‌ಕೆಯು ಒಂದೇ ಇದ್ದ ಮೇಲೆ ಲಾಟ್ ನಂಬರ್ ಯಾಕೆ ಬರೆದುಕೊಳ್ಳಬೇಕು?

ಎಪಿಎಂಸಿ ಯಾರ್ಡ್ ನೋಡಿದ ಹುಡುಗರಿಗೆ ಇದನ್ನು ಹೇಳಿಕೊಡುವುದು ಸುಲಭ. ಅಲ್ಲಿ ಒಬ್ಬ ರೈತ ತಂದ ರಾಶಿಗೆ ಒಂದು ಲಾಟ್ ನಂಬರ್ ಕೊಡುತ್ತಾರೆ, ಪಕ್ಕದ ರಾಶಿಗೆ ಇನ್ನೊಂದು. ಎರಡೂ ರಾಗಿಯೇ, ಆದರೆ ಬೇರೆ ಬೇರೆ ಹೊಲದ್ದು. ಇಲ್ಲಿಯೂ ಅಷ್ಟೇ. ಒಂದು ಸಲ ಹುರಿದು, ಪುಡಿ ಮಾಡಿ, ಪ್ಯಾಕ್ ಮಾಡಿದ ಅಷ್ಟೂ ಪೊಟ್ಟಣ ಒಂದು ಲಾಟ್. ಲೇಬಲ್ಲಿನ ಮೇಲೆ ಸಾಮಾನ್ಯವಾಗಿ ‘ಬ್ಯಾಚ್ ನಂಬರ್’ ಎಂದಿರುತ್ತದೆ, ಎರಡೂ ಒಂದೇ. ಪ್ಯಾಕ್ ಮಾಡಿದ ಆಹಾರದ ಮೇಲೆ ಈ ನಂಬರ್ ಇರಲೇಬೇಕೆಂದು ನಮ್ಮ ಆಹಾರ ಸುರಕ್ಷತಾ ನಿಯಮವೂ ಹೇಳುತ್ತದೆ.

ಅದರ ಉಪಯೋಗ ಗೊತ್ತಾಗುವುದು ಏನಾದರೂ ಕೆಟ್ಟಾಗ. ಒಂದು ದಿನ ಹಾಸನದಿಂದ ಫೋನ್ ಬರುತ್ತದೆ: ಇಂಥ ಲಾಟಿನಲ್ಲಿ ಸೀಲ್ ಸರಿಯಾಗಿ ಕೂತಿಲ್ಲ, ತಡೆದುಬಿಡಿ. ಆ ಲಾಟಿನಿಂದ ನಮಗೆ ಬಂದದ್ದು 60 ಬಾಕ್ಸ್. ಕಳಿಸುವಾಗ ಲಾಟ್ ನಂಬರನ್ನೂ ಸ್ಕ್ಯಾನ್ ಮಾಡಿದ್ದರೆ 38 ಬಾಕ್ಸ್ ಯಾವ ಯಾವ ಅಂಗಡಿಗೆ ಹೋಗಿವೆ ಎಂಬುದು ಕೂತಲ್ಲೇ ಗೊತ್ತಾಗುತ್ತದೆ, ಉಳಿದ 22ಕ್ಕೆ ‘ಹೋಲ್ಡ್’ ಹಾಕಿದರೆ ಮುಗಿಯಿತು. ಸ್ಕ್ಯಾನ್ ಮಾಡದಿದ್ದರೆ ಆ ಅವಧಿಯಲ್ಲಿ ಕಾಫಿ ಕೊಂಡ ಪ್ರತಿ ಅಂಗಡಿಗೂ ಫೋನ್ ಮಾಡುತ್ತಾ ಕೂರಬೇಕು.

ಇನ್ನೊಂದು ಉಪಯೋಗ ದಿನನಿತ್ಯದ್ದು. ಮೊದಲು ಬಂದದ್ದನ್ನು ಮೊದಲು ಕಳಿಸುವುದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಆದರೆ ಕೊನೆಗೆ ಬಂದ ಲಾರಿಯಲ್ಲೇ ಹಳೆಯ ಲಾಟ್ ಬಂದಿರಬಹುದು, ಅಲ್ಲಿಯ ಗೋಡೌನಿನ ಮೂಲೆಯಲ್ಲಿ ಕೂತಿದ್ದದ್ದು. ಆಹಾರದಲ್ಲಿ ನೋಡಬೇಕಾದ್ದು ಲಾರಿ ಬಂದ ದಿನವನ್ನಲ್ಲ, ಅವಧಿ ಮುಗಿಯುವ ದಿನವನ್ನು. ಯಾವ ಲಾಟ್ ಬೇಗ ಮುಗಿಯುತ್ತದೋ ಅದು ಮೊದಲು ಹೊರಡಬೇಕು. ಎರಡು ಲಾಟ್‌ಗಳನ್ನು ಒಂದೇ ಬಿನ್ನಿನಲ್ಲಿ ತುರುಕಿದರೆ ಈ ಲೆಕ್ಕವೇ ಕೆಡುತ್ತದೆ. ಕೈಗೆ ಮುಂದೆ ಸಿಕ್ಕಿದ್ದನ್ನು ತೆಗೆಯುವುದು ಮನುಷ್ಯ ಸ್ವಭಾವ.

ಹಾಸನದಿಂದ ಲಾರಿ ಅರ್ಧ ದಿನದಲ್ಲಿ ಬರುತ್ತೆ. ಲೀಡ್ ಟೈಮ್ 6 ದಿನ ಅಂತ ಯಾಕೆ ಬರೆದಿದ್ದೀರಿ?

ಈ ಪ್ರಶ್ನೆ ಕೇಳಿದ ಹುಡುಗ ಚುರುಕು ಎಂದು ನಾನು ಅಂದುಕೊಳ್ಳುತ್ತಿದ್ದೆ. ಲೀಡ್ ಟೈಮ್ ಎಂದರೆ ಲಾರಿ ಓಡುವ ಹೊತ್ತಲ್ಲ. ನಾವು ‘ಬೇಕು’ ಎಂದು ಆರ್ಡರ್ ಹಾಕಿದ ಗಳಿಗೆಯಿಂದ, ಆ ಸರಕು ನಮ್ಮ ರ್ಯಾಕಿನಲ್ಲಿ ಕೂತು ಕಳಿಸಲು ಸಿದ್ಧವಾಗುವವರೆಗಿನ ಕಾಲ. ಆರ್ಡರನ್ನು ಅಲ್ಲಿಯವರು ನೋಡಿ ಒಪ್ಪಿಕೊಳ್ಳಲು ಒಂದು ದಿನ. ಹುರಿದು ಪ್ಯಾಕ್ ಮಾಡಲು ಎರಡು ದಿನ. ಹುರಿದ ಕಾಫಿ ಅನಿಲ ಬಿಡುತ್ತಿರುತ್ತದೆ, ಅದನ್ನು ಕೂಡಲೇ ಬಿಗಿಯಾಗಿ ಕಟ್ಟಿಬಿಟ್ಟರೆ ಪೊಟ್ಟಣ ಉಬ್ಬುತ್ತದೆ, ಹಾಗಾಗಿ ಆ ಕಾರ್ಖಾನೆಯವರು ಸ್ವಲ್ಪ ಹೊತ್ತು ಬಿಟ್ಟು ಕಟ್ಟುತ್ತಾರೆ. ಲಾರಿ ತುಂಬುವಷ್ಟು ಲೋಡ್ ಕೂಡಿಬರಲು ಒಂದು ದಿನ. ದಾರಿಗೂ ನಮ್ಮ ಗೇಟಿನ ಮುಂದಿನ ಸರದಿಗೂ ಸೇರಿ ಒಂದು ದಿನ. ಕೊನೆಯ ಒಂದು ದಿನ ನಮ್ಮದೇ: ಇಳಿಸಿ, ಎಣಿಸಿ, ಬಿಲ್ಲಿಗೆ ತಾಳೆ ನೋಡಿ, ರ್ಯಾಕಿಗೆ ಹಾಕುವುದು. ಒಟ್ಟು 6.

ಬಾಗಿಲ ಹತ್ತಿರ ಇಳಿಸಿಟ್ಟ ಸರಕನ್ನು ‘ಬಂದಾಯಿತಲ್ಲ’ ಎನ್ನುತ್ತಾರೆ. ಆದರೆ ಅದು ಸ್ಕ್ಯಾನ್ ಆಗಿ ರ್ಯಾಕಿಗೆ ಹೋಗುವವರೆಗೆ ಆರ್ಡರ್ ಪಿಕ್ ಮಾಡುವವನ ಪಾಲಿಗೆ ಬಂದೇ ಇಲ್ಲ. ಇನ್‌ವರ್ಡಿನವರು ಒಂದು ಸಂಜೆ ಕೆಲಸ ಮುಂದೂಡಿದರೆ ಲೀಡ್ ಟೈಮ್ 7 ದಿನವಾಯಿತು ಎಂದೇ ಲೆಕ್ಕ.

ಈ 6ರ ಮೇಲೆಯೇ ಮುಂದಿನ ಆರ್ಡರ್ ನಿಂತಿದೆ. `CF-80-500` ದಿನಕ್ಕೆ 12 ಬಾಕ್ಸ್ ಹೋಗುತ್ತದೆ ಎಂದಿಟ್ಟುಕೊಳ್ಳಿ. 6 ದಿನ ಕಾಯಬೇಕೆಂದರೆ 72 ಬಾಕ್ಸ್ ಕೈಯಲ್ಲಿರಬೇಕು. ಲಾರಿ ತಡವಾಗಬಹುದು, ಮದುವೆ ಸೀಸನ್ನಿನಲ್ಲಿ ಬೇಡಿಕೆ ಏರಬಹುದು, ಅದಕ್ಕೆ ಇನ್ನೆರಡು ದಿನದ 24 ಬಾಕ್ಸ್ ಸೇರಿಸಿ. ಸ್ಟಾಕ್ 96ಕ್ಕೆ ಇಳಿದ ದಿನ ಕಂಪ್ಯೂಟರ್ ತಾನಾಗಿ ಹೊಸ ಆರ್ಡರ್ ಎಬ್ಬಿಸುತ್ತದೆ. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಖಾಲಿಯಾಗುವ ಮುಂಚೆಯೇ ಬುಕ್ ಮಾಡುತ್ತೇವಲ್ಲ, ಅದೇ ಬುದ್ಧಿ.

ಇಷ್ಟೆಲ್ಲ ಲೆಕ್ಕ ಇದ್ದೂ ಸ್ಟಾಕ್‌ಔಟ್ ಯಾಕೆ ಆಗುತ್ತದೆ?

ಆರ್ಡರ್ ಬಂದಿದೆ, ಕೊಡಲು ಸರಕಿಲ್ಲ ಎನ್ನುವ ಸ್ಥಿತಿಯೇ ಸ್ಟಾಕ್‌ಔಟ್. ನಾವು ‘ನೋ ಸ್ಟಾಕ್’ ಎನ್ನುತ್ತೇವೆ. ಬೇಡಿಕೆ ದಿಢೀರ್ ಏರಿದರೆ, ಘಾಟಿ ರಸ್ತೆಯಲ್ಲಿ ಲಾರಿ ನಿಂತರೆ ಆಗುತ್ತದೆ. ಅವೆಲ್ಲ ಎಲ್ಲರಿಗೂ ಅರ್ಥವಾಗುವ ಕಾರಣಗಳು. ನಾನು ಹೇಳಬೇಕಾದ್ದು ನಮ್ಮ ಕೈಯಿಂದಲೇ ಆಗುವ ಸ್ಟಾಕ್‌ಔಟ್ ಬಗ್ಗೆ.

ಒಂದು ರಾತ್ರಿ ಲಾರಿಯಲ್ಲಿ 60 ಬಾಕ್ಸ್ `CF-80-500`, 40 ಬಾಕ್ಸ್ `CF-70-500` ಬಂದವು. ಎರಡರ ಬಾಕ್ಸೂ ಒಂದೇ ಕಂದು ಬಣ್ಣ, ಮೂಲೆಯಲ್ಲಿ ಬೆರಳಗಲದ ಪಟ್ಟಿಯೊಂದೇ ಬೇರೆ. ಸೇರಿ ಮೂರು ದಿನವಾಗಿದ್ದ ಹುಡುಗ ಮೇಲಿನ ಒಂದು ಬಾಕ್ಸ್ ಸ್ಕ್ಯಾನ್ ಮಾಡಿ, ಒಟ್ಟು ಎಣಿಸಿ, 100 ಎಂದು ಒತ್ತಿದ. ಒಟ್ಟು ಸರಿಯಿತ್ತು. ಸಹಿ ಹಾಕಿದವನು ನಾನು.

ಅಲ್ಲಿಂದ ಸ್ಕ್ರೀನಿಗೂ ರ್ಯಾಕಿಗೂ 40 ಬಾಕ್ಸ್ ವ್ಯತ್ಯಾಸ. ದಿನಗಳು ಕಳೆದು ಸ್ಕ್ರೀನಿನಲ್ಲಿ `CF-80-500` 96ಕ್ಕೆ ಇಳಿದಾಗ ಹೊಸ ಆರ್ಡರ್ ಎದ್ದಿತು. ಆ ದಿನ ರ್ಯಾಕಿನಲ್ಲಿ ಇದ್ದದ್ದು 56. ದಿನಕ್ಕೆ 12ರಂತೆ ನಾಲ್ಕು ದಿನಕ್ಕೆ 48 ಹೋಯಿತು, ಐದನೆಯ ದಿನಕ್ಕೆ ಉಳಿದದ್ದು 8. ಅಂದು ಕೇಳಿದ್ದು 12. ಆರನೆಯ ದಿನ ಪೂರ್ತಿ ಖಾಲಿ, ಸ್ಕ್ರೀನ್ ಮಾತ್ರ ‘40 ಇದೆ’ ಎನ್ನುತ್ತಿತ್ತು. ಅತ್ತ `CF-70-500` ಸ್ಕ್ರೀನಿನಲ್ಲಿ ಸೊನ್ನೆ. ಅದರ ಆರ್ಡರ್‌ಗಳು ನಮ್ಮವರೆಗೆ ಬರುವ ಮುಂಚೆಯೇ ‘ನೋ ಸ್ಟಾಕ್’ ಎಂದು ವಾಪಸ್ ಹೋಗುತ್ತಿದ್ದವು, ಅದರ 40 ಬಾಕ್ಸ್ ನಮ್ಮ ತಲೆಯ ಮೇಲೇ ಕೂತಿದ್ದರೂ.

ಆ ಕಡಿಮೆ ಬಿದ್ದ ಬಾಕ್ಸ್‌ಗಳೇ ಬ್ಯಾಕ್‌ಆರ್ಡರಾ?

ಹೌದು, ಆದರೆ ಒಂದು ಷರತ್ತಿದೆ. ಐದನೆಯ ದಿನ 4, ಆರನೆಯ ದಿನ 12, ಒಟ್ಟು 16 ಬಾಕ್ಸ್ ಕೊಡಲಾಗಲಿಲ್ಲ. ಅಂಗಡಿಯವರು ‘ಪರವಾಗಿಲ್ಲ, ಬಂದ ಮೇಲೆ ಕಳಿಸಿ’ ಎಂದು ಆರ್ಡರನ್ನು ಜೀವಂತ ಇಟ್ಟರೆ ಮಾತ್ರ ಅದು ಬ್ಯಾಕ್‌ಆರ್ಡರ್. ‘ಇಲ್ಲದಿದ್ದರೆ ಬಿಡಿ’ ಎಂದು ಬೇರೆಯವರಲ್ಲಿ ಕೊಂಡರೆ ಸ್ಟಾಕ್‌ಔಟ್ ಆಯಿತು, ಬ್ಯಾಕ್‌ಆರ್ಡರ್ ಆಗಲಿಲ್ಲ. ಸ್ಟಾಕ್‌ಔಟ್ ಎನ್ನುವುದು ನಮ್ಮ ರ್ಯಾಕಿನ ಸ್ಥಿತಿ. ಬ್ಯಾಕ್‌ಆರ್ಡರ್ ನಾವು ಗಿರಾಕಿಗೆ ಉಳಿಸಿಕೊಂಡ ಬಾಕಿ.

ಬಾಕಿ ಎಂದ ಮೇಲೆ ಅದು ಮೊದಲು ತೀರಬೇಕು. ಮುಂದಿನ ಲಾರಿಯಲ್ಲಿ 100 ಬಾಕ್ಸ್ ಇಳಿದರೆ 16 ಅದಾಗಲೇ ಬೇರೆಯವರದು. ಅವನ್ನು ರ್ಯಾಕಿಗೆ ಹಾಕದೆ ನೇರ ಡಿಸ್‌ಪ್ಯಾಚ್ ಕಡೆಗೆ ತಿರುಗಿಸಬಹುದು. ಹೊಸ ಆರ್ಡರಿಗೆ ಸಿಗುವುದು 84. ಇದು ಗೊತ್ತಿಲ್ಲದ ಹುಡುಗರು ಎದುರಿಗೆ ಸರಕು ಕಂಡು, ಇವತ್ತಿನ ಗಿರಾಕಿಗೆ ಮೊದಲು ಕೊಟ್ಟುಬಿಡುತ್ತಾರೆ. ವಾರದಿಂದ ಕಾದವನು ಇನ್ನೂ ಕಾಯುತ್ತಾನೆ.

ಸ್ಕ್ರೀನಿನಲ್ಲಿ ಇದೆ, ರ್ಯಾಕಿನಲ್ಲಿ ಇಲ್ಲ. ಆಗ ನಾನೇನು ಮಾಡಲಿ?

ಮೊದಲನೆಯದಾಗಿ, ಪಕ್ಕದ್ದನ್ನು ತೆಗೆದು ಕೊಡಬೇಡ. 80ರ ಬದಲು 70 ಕಳಿಸಿದರೆ ಒಂದರ ಜಾಗದಲ್ಲಿ ಎರಡು ತಪ್ಪು ಲೆಕ್ಕ ಹುಟ್ಟುತ್ತದೆ, ಮೇಲಾಗಿ ಅಂಗಡಿಯವನು ವಾಪಸ್ ಕಳಿಸುತ್ತಾನೆ. ಆರ್ಡರ್ ಮುಗಿಯಲೆಂದು ಸುಮ್ಮನೆ ‘ಪಿಕ್ ಆಯಿತು’ ಎಂದು ಒತ್ತುವುದೂ ಬೇಡ. ‘ಶಾರ್ಟ್’ ಎಂದು ಒತ್ತಿ, ಸೂಪರ್‌ವೈಸರನ್ನು ಕರೆ. ಆಮೇಲೆ ಆ ಬಿನ್, ಅದರ ಮೇಲಿನದು, ಕೆಳಗಿನದು, ಎಡಬಲ ನೋಡು. ಅಲ್ಲಿಲ್ಲದಿದ್ದರೆ ಕೊನೆಯ ಇನ್‌ವರ್ಡ್ ಬಿಲ್ ತೆಗೆದು, ಅದೇ ಲಾರಿಯಲ್ಲಿ ಅದರಂತೆಯೇ ಕಾಣುವ ಇನ್ನೇನು ಬಂದಿತ್ತು ಎಂದು ಹುಡುಕಬೇಕು. ಒಂದರಲ್ಲಿ ಕಡಿಮೆಯಾದಷ್ಟೇ ಇನ್ನೊಂದರಲ್ಲಿ ಹೆಚ್ಚಾಗಿದ್ದರೆ ಕಳ್ಳತನವಲ್ಲ, ಸ್ಕ್ಯಾನ್ ತಪ್ಪು.

ಅವತ್ತು ಆರನೆಯ ದಿನದ ಮಧ್ಯಾಹ್ನ ‘ಶಾರ್ಟ್’ ಒತ್ತಿ ನನ್ನ ಹತ್ತಿರ ಬಂದವನು ಆ ಹುಡುಗನೇ. ಹಳೆಯ ಬಿಲ್ ತೆಗೆದೆವು. 60 ಮತ್ತು 40 ಎಂದು ಬೇರೆ ಬೇರೆ ಸಾಲಿನಲ್ಲಿ ಬರೆದಿತ್ತು, ಕೆಳಗೆ ನನ್ನ ಸಹಿ. ಮೇಲಿನ ರ್ಯಾಕಿನಿಂದ ಫೋರ್ಕ್‌ಲಿಫ್ಟಿನಲ್ಲಿ ಪ್ಯಾಲೆಟ್ ಇಳಿಸಿ ಪ್ಲಾಸ್ಟಿಕ್ ಸುತ್ತು ಬಿಚ್ಚಿ ಒಂದೊಂದೇ ಬಾಕ್ಸ್ ಸ್ಕ್ಯಾನ್ ಮಾಡಿದ. ಒಂದರಲ್ಲಿ 40 ಕಳೆದು ಇನ್ನೊಂದಕ್ಕೆ 40 ಕೂಡಿಸುವ ಎರಡು ಎಂಟ್ರಿಗೆ ಮ್ಯಾನೇಜರ್ ಒಪ್ಪಿಗೆ ಸಿಗುವ ಹೊತ್ತಿಗೆ ಸಂಜೆಯಾಯಿತು. ಐದು ನಿಮಿಷದೊಳಗೆ ಅವನ ಕೈಯ ಸ್ಕ್ಯಾನರಿನಲ್ಲಿ `CF-70-500`ರ ಮೊದಲ ಆರ್ಡರ್ ಬಂದು ಬಿತ್ತು.